ಸಾಲದ ಸನ್ನೆಗೋಲು

ಅನೇಕ ಗಿರಣಿಗಳ ಗೇಟಿನ ಪಕ್ಕದ ಗೋಡೆಯ ಮೇಲೆ ಒಂದು ಸಣ್ಣ ಹಲಗೆ ಇರುತ್ತದೆ. ಇಲ್ಲಿನ ಕಟ್ಟಡ, ಯಂತ್ರ, ದಾಸ್ತಾನುಗಳೆಲ್ಲ ಇಂಥ ಬ್ಯಾಂಕಿಗೆ ಒತ್ತೆಯಾಗಿವೆ ಎಂದು ಅದರಲ್ಲಿ ಬರೆದಿರುತ್ತದೆ. ಕೆಲಸಗಾರರು ದಿನವೂ ಅದರ ಮುಂದೆಯೇ ಹಾದು ಒಳಗೆ ಹೋಗುತ್ತಾರೆ. ಸಾಲ ಮಾಲೀಕನದು, ಬಡ್ಡಿ ಅವನದು, ನಮಗೇನು ಎಂಬುದು ಸಾಮಾನ್ಯವಾದ ಎಣಿಕೆ. ಗಿರಣಿಗೆ ಗೋಣಿಚೀಲ, ಬೆಲ್ಟು, ಬಿಡಿಭಾಗ ಉದರಿ ಕೊಡುವ ಅಂಗಡಿಕಾರನೂ ಹಾಗೆಯೇ ಎಣಿಸುತ್ತಾನೆ. ಆದರೆ ಆ ಹಲಗೆಯಲ್ಲಿ ಬರೆಯದ ಒಂದು ಅಂಕಿ ಉಂಟು. ಮಾಲೀಕನ ಸ್ವಂತ ಬಂಡವಾಳ ಒಂದು ರೂಪಾಯಿಯಾದರೆ ಅದರ ಜೊತೆಗೆ ನಿಂತಿರುವ ಸಾಲ ಎಷ್ಟು ರೂಪಾಯಿ ಎಂಬುದೇ ಆ ಅಂಕಿ. ಲೆಕ್ಕಪತ್ರದವರು ಇದನ್ನು ಸಾಲ-ಬಂಡವಾಳ ಪ್ರಮಾಣ ಎನ್ನುತ್ತಾರೆ. ಮುಂದಿನ ಕೆಟ್ಟ ವರ್ಷದಲ್ಲಿ ಗೇಟು ತೆರೆದಿರುವುದೋ ಮುಚ್ಚುವುದೋ ಎಂಬುದನ್ನು ಬಹುಮಟ್ಟಿಗೆ ಈ ಅಂಕಿಯೇ ನಿರ್ಧರಿಸುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಚಳ್ಳಕೆರೆಯ ಕಡೆ ಕಾಣುವಂಥ ಎರಡು ಶೇಂಗಾ ಎಣ್ಣೆ ಗಿರಣಿಗಳು ಅಕ್ಕಪಕ್ಕದಲ್ಲಿವೆ ಎಂದಿಟ್ಟುಕೊಳ್ಳೋಣ. ಎರಡಕ್ಕೂ ತಲಾ 40 ಲಕ್ಷ ರೂಪಾಯಿ ಹೂಡಿದೆ. ಗಾಣ ಒಂದೇ, ಕಾಯಿ ಒಂದೇ, ಕೂಲಿಯೂ ಒಂದೇ. ಮೊದಲನೆಯ ಗಿರಣಿಯಲ್ಲಿ 40 ಲಕ್ಷವೂ ಮಾಲೀಕನ ಸ್ವಂತದ್ದು. ಎರಡನೆಯದರಲ್ಲಿ ಸ್ವಂತದ್ದು 10 ಲಕ್ಷ, ಬ್ಯಾಂಕಿನದು 30 ಲಕ್ಷ. ಅಂದರೆ ಪ್ರಮಾಣ ಒಂದಕ್ಕೆ ಮೂರು. ಬಡ್ಡಿ ಶೇಕಡಾ 12ರಂತೆ ವರ್ಷಕ್ಕೆ 3 ಲಕ್ಷ 60 ಸಾವಿರ.

ಒಳ್ಳೆಯ ವರ್ಷ ಬಂದು, ಎಲ್ಲ ಖರ್ಚು ಕಳೆದು ಬಡ್ಡಿಗೆ ಮುಂಚೆ ಹೂಡಿಕೆಯ ಮೇಲೆ ಶೇಕಡಾ 16 ಉಳಿಯಿತೆನ್ನೋಣ. ಅದು 6 ಲಕ್ಷ 40 ಸಾವಿರವಾಯಿತು. ಮೊದಲನೆಯ ಮಾಲೀಕನಿಗೆ ತನ್ನ ಹಣದ ಮೇಲೆ ದೊರೆತದ್ದು ಶೇಕಡಾ 16. ಎರಡನೆಯವನು ಬಡ್ಡಿ ಕಟ್ಟಿದ ಮೇಲೆ ಅವನ ಕೈಯಲ್ಲಿ ಉಳಿದದ್ದು 2 ಲಕ್ಷ 80 ಸಾವಿರ. ಅವನು ಹಾಕಿದ್ದು 10 ಲಕ್ಷ ಮಾತ್ರ. ಆದುದರಿಂದ ಅವನ ಪಾಲಿಗೆ ಲಾಭ ಶೇಕಡಾ 28! ಊರಿನವರು ಅವನನ್ನು ಚತುರನೆನ್ನುತ್ತಾರೆ. ಆದರೆ ಅವನ ಗಾಣದಿಂದ ಒಂದು ಡಬ್ಬಿ ಎಣ್ಣೆಯೂ ಹೆಚ್ಚಿಗೆ ಬಂದಿಲ್ಲ. ಬ್ಯಾಂಕಿನ ಹಣ ಶೇಕಡಾ 16 ದುಡಿಯಿತು, ಬ್ಯಾಂಕು 12 ತೆಗೆದುಕೊಂಡು ಸುಮ್ಮನಾಯಿತು, ಉಳಿದ 4 ಅವನ ಜೇಬಿಗೆ ಬಂತು. ಒಂದು ರೂಪಾಯಿಗೆ ಮೂರು ರೂಪಾಯಿಯಂತೆ ಸಾಲವಿದ್ದುದರಿಂದ ಆ 4 ಮೂರು ಪಟ್ಟಾಗಿ 12 ಆಯಿತು. ಅದಕ್ಕೆ ತನ್ನ ಹಣದ 16 ಸೇರಿ 28 ಆಯಿತು. ಗುಟ್ಟು ಇಷ್ಟೇ.

ಮಾರನೆಯ ವರ್ಷ ಹೊರಗಿನ ಎಣ್ಣೆ ಅಗ್ಗವಾಗಿ ಬಂದು ಪೇಟೆ ಬಿದ್ದು ಉಳಿತಾಯ ಶೇಕಡಾ 6ಕ್ಕೆ ಇಳಿದರೆ ಏನಾಗುತ್ತದೆ? ಮೊದಲನೆಯವನಿಗೆ ಆಗಲೂ 2 ಲಕ್ಷ 40 ಸಾವಿರ ಲಾಭವೇ. ಅವನು ಗೊಣಗಿಕೊಂಡು ಮನೆಗೆ ಹೋಗುತ್ತಾನೆ. ಎರಡನೆಯವನು ಅದೇ 2 ಲಕ್ಷ 40 ಸಾವಿರದಲ್ಲಿ 3 ಲಕ್ಷ 60 ಸಾವಿರ ಬಡ್ಡಿ ಕಟ್ಟಬೇಕು. 1 ಲಕ್ಷ 20 ಸಾವಿರ ಕೈಯಿಂದ ಹೋಯಿತು. ಅವನ ಬಂಡವಾಳದ ಮೇಲೆ ಶೇಕಡಾ 12 ನಷ್ಟ. ಗಿರಣಿ ನಷ್ಟದಲ್ಲಿ ನಡೆಯಲಿಲ್ಲ, ಆದರೂ ಮಾಲೀಕ ನಷ್ಟಕ್ಕೆ ಬಿದ್ದ ಎಂಬುದನ್ನು ವಾಚಕರು ಗಮನಿಸಬೇಕು. ಉಳಿತಾಯ ಸರಿಯಾಗಿ ಶೇಕಡಾ 12 ಆಗಿದ್ದರೆ ಇಬ್ಬರಿಗೂ ಸಮ, ಸಾಲ ಮಾಡಿದ್ದೂ ಒಂದೇ, ಮಾಡದಿದ್ದುದೂ ಒಂದೇ. ಬಡ್ಡಿಯ ದರವೇ ಇಲ್ಲಿಯ ಗಡಿಗೆರೆ. ಗೆರೆಯ ಮೇಲಿದ್ದರೆ ಸಾಲ ಮೇಲಕ್ಕೆತ್ತುತ್ತದೆ, ಕೆಳಗೆ ಬಂದರೆ ಅಷ್ಟೇ ಬಲದಿಂದ ಕೆಳಕ್ಕೆ ತಳ್ಳುತ್ತದೆ. ಇಂಗ್ಲಿಷಿನವರು ಇದಕ್ಕೆ ಲಿವರೇಜ್ ಎಂದು ಹೆಸರಿಟ್ಟಿದ್ದಾರೆ. ಅದು ನಮ್ಮ ಸನ್ನೆಗೋಲಿನ ಮಾತು. ಸನ್ನೆಗೋಲು ಹಾಕಿ ಯಂತ್ರವನ್ನು ಎಬ್ಬಿಸಿದ ಕೆಲಸಗಾರರಿಗೆ, ಅದು ಜಾರಿದಾಗ ಹೇಗೆ ತಿರುಗಿ ಬಡಿಯುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನೂ ಕೆಟ್ಟ ವರ್ಷವನ್ನೂ ನೋಡಿಬಿಡೋಣ. ಮೊದಲ ಲೆಕ್ಕಕ್ಕೇ ಹಿಂದಿರುಗಿ, ದಾಸ್ತಾನಿನ ಬೆಲೆ ಕುಸಿದು ಆ ವರ್ಷ 4 ಲಕ್ಷ, ಅಂದರೆ ಒಟ್ಟು ಹೂಡಿಕೆಯ ಹತ್ತನೇ ಒಂದು ಪಾಲು ಹೋಯಿತೆನ್ನಿ. ಮೊದಲನೆಯವನಲ್ಲಿ 36 ಲಕ್ಷ ಉಳಿಯಿತು. ಎರಡನೆಯವನು 4 ಲಕ್ಷದ ಜೊತೆಗೆ ಬಡ್ಡಿಯನ್ನೂ ತೆತ್ತು, 10 ಲಕ್ಷದಲ್ಲಿ 2 ಲಕ್ಷ 40 ಸಾವಿರಕ್ಕೆ ಬಂದು ನಿಂತ. ಅವನು ಹೊಸದಾಗಿ ಒಂದು ಕಾಸೂ ಸಾಲ ಮಾಡಿಲ್ಲ. ಆದರೂ ಒಂದಕ್ಕೆ ಮೂರಿದ್ದ ಪ್ರಮಾಣ ಈಗ ಒಂದಕ್ಕೆ ಹನ್ನೆರಡೂವರೆ! ಸಾಲ ಬೆಳೆದರೂ ಪ್ರಮಾಣ ಏರುತ್ತದೆ, ಬಂಡವಾಳ ಕರಗಿದರೂ ಏರುತ್ತದೆ. ಎರಡನೆಯ ಬಗೆಯ ಏರಿಕೆಯೇ ಹೆಚ್ಚು ಅಪಾಯದ್ದು, ಏಕೆಂದರೆ ಹಣದ ಅಗತ್ಯ ಅತ್ಯಂತ ಹೆಚ್ಚಾಗಿರುವ ಆ ಗಳಿಗೆಯಲ್ಲಿಯೇ ಬ್ಯಾಂಕು ಕೈ ಬಿಗಿ ಹಿಡಿಯುತ್ತದೆ. ಸ್ಥೂಲವಾಗಿ ಹೇಳುವುದಾದರೆ ಒಂದಕ್ಕೆ ಒಂದು ಸಾಲವಿರುವ ಗಿರಣಿಯ ಆಸ್ತಿಯ ಬೆಲೆ ಅರ್ಧಕ್ಕೆ ಇಳಿದರೆ ಮಾಲೀಕನ ಬಂಡವಾಳ ಪೂರ್ತಿ ಅಳಿಯುತ್ತದೆ. ಒಂದಕ್ಕೆ ಮೂರಾದರೆ ಕಾಲು ಭಾಗ ಇಳಿದರೆ ಸಾಕು. ಒಂದಕ್ಕೆ ಒಂಬತ್ತಾದರೆ ಹತ್ತನೇ ಒಂದು ಪಾಲೇ ಸಾಕು.

ಹಾಗಾದರೆ ಸಾಲವೇ ಪಾಪವೆ? ಅಲ್ಲ. ಸುಗ್ಗಿಯಲ್ಲಿ ಕಾಯಿ ಕೊಳ್ಳಲು ಪಡೆದು ಎಣ್ಣೆ ಮಾರಿ ನಾಲ್ಕು ತಿಂಗಳಲ್ಲಿ ತೀರಿಸುವ ಸಾಲ ವ್ಯಾಪಾರದ ಉಸಿರು, ದೀಪಾವಳಿಗೆ ಬಟ್ಟೆ ತುಂಬುವ ನಮ್ಮ ಅಂಗಡಿಕಾರರಿಗೆ ಇದು ತಿಳಿದದ್ದೇ. ಸರಕಾರದ ತೆರಿಗೆ ಕಾಯಿದೆಯೂ ಸಾಲದ ಕಡೆಗೇ ವಾಲಿದೆ. ಬಡ್ಡಿಯನ್ನು ಖರ್ಚೆಂದು ಕಳೆದು ತೆರಿಗೆ ಲೆಕ್ಕ ಹಾಕುತ್ತಾರೆ, ಶೇರುದಾರರಿಗೆ ಕೊಡುವ ಲಾಭಾಂಶಕ್ಕೆ ಆ ಸೌಲಭ್ಯವಿಲ್ಲ. ತೊಂದರೆ ಬರುವುದು, ವರ್ಷ ವರ್ಷಕ್ಕೆ ಏರಿಳಿಯುವ ಆದಾಯದ ಮೇಲೆ ಏರಿಳಿಯದ ಬಡ್ಡಿಯ ಹೊರೆಯನ್ನು ಖಾಯಂ ಆಗಿ ಹೇರಿದಾಗ.

ನಮ್ಮ ರಾಜ್ಯದ ರಾಜಧಾನಿಯಿಂದಲೇ ನಡೆದ ಕಿಂಗ್‌ಫಿಷರ್ ವಿಮಾನ ಕಂಪನಿಯ ಕಥೆ ಇದಕ್ಕೆ ಸಾಕ್ಷಿ. ಅದು 2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿತು. 2007ರಲ್ಲಿ ಡೆಕ್ಕನ್ ಕಂಪನಿಯಲ್ಲಿ ಪಾಲು ಕೊಂಡು, ಮುಂದೆ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ವಿಮಾನಗಳಲ್ಲಿ ಬಹುಪಾಲು ಬಾಡಿಗೆಯವು. ಬಾಡಿಗೆಯೂ ಬಡ್ಡಿಯಂತೆ ತಿಂಗಳಿಗೆ ತಪ್ಪದ ಹೊರೆ, ಆದರೆ ಅಂದಿನ ಲೆಕ್ಕದ ಪದ್ಧತಿಯಲ್ಲಿ ಅಂಥ ಬಾಡಿಗೆ ಹೆಚ್ಚಾಗಿ ಸಾಲದ ಸಾಲಿನಲ್ಲಿ ಕಾಣುತ್ತಿರಲಿಲ್ಲ. ಹೀಗಾಗಿ ಸನ್ನೆಗೋಲು ಕಾಗದದ ಮೇಲೆ ಇದ್ದುದಕ್ಕಿಂತ ಉದ್ದವಾಗಿತ್ತು. 2008ರ ಜುಲೈಯಲ್ಲಿ ಕಚ್ಚಾ ಎಣ್ಣೆ ಪೀಪಾಯಿಗೆ 147 ಡಾಲರ್ ಮುಟ್ಟಿತು. ಅದೇ ವರ್ಷ ಜಗತ್ತಿನ ಹಣದ ಪೇಟೆ ಕುಸಿದು ಪ್ರಯಾಣಿಕರೂ ಕಡಿಮೆಯಾದರು. 2008-09ರ ಸಾಲಿನಲ್ಲಿ ಕಂಪನಿಯ ನಷ್ಟ 1,600 ಕೋಟಿ ರೂಪಾಯಿಗೂ ಮೇಲೆ. ನಷ್ಟ ಬಂಡವಾಳವನ್ನು ತಿಂದಿತು, ತಿಂದಷ್ಟನ್ನು ಹೊಸ ಸಾಲ ತುಂಬಿತು, ಹೊಸ ಸಾಲದ ಬಡ್ಡಿ ಮುಂದಿನ ವರ್ಷದ ನಷ್ಟಕ್ಕೆ ಸೇರಿತು. 2011ರಲ್ಲಿ ಬ್ಯಾಂಕುಗಳು ತಮ್ಮ ಸಾಲದ ಒಂದು ಭಾಗವನ್ನು ಶೇರುಗಳಾಗಿ ಬದಲಿಸಿಕೊಂಡವು, ಅದೂ ಅಂದಿನ ಪೇಟೆ ದರಕ್ಕಿಂತ ಹೆಚ್ಚಿನ ಬೆಲೆಗೆ! ಸಾಲ ಬಂಡವಾಳವಾದ ಕೂಡಲೇ ಕಾಗದದ ಮೇಲೆ ಪ್ರಮಾಣವೇನೋ ಸುಧಾರಿಸಿತು. ಆದರೆ ಸಂಬಳಕ್ಕಾಗಲಿ ಇಂಧನಕ್ಕಾಗಲಿ ಹೊಸದಾಗಿ ಒಂದು ರೂಪಾಯಿಯೂ ಬರಲಿಲ್ಲ.

ಹಲವು ತಿಂಗಳ ಸಂಬಳ ಬಾಕಿ ನಿಂತು ಸಿಬ್ಬಂದಿ ಕೆಲಸ ನಿಲ್ಲಿಸಿದರು. 2012ರ ಅಕ್ಟೋಬರಿನಲ್ಲಿ ವಿಮಾನಗಳು ನೆಲ ಹಿಡಿದವು. ಬ್ಯಾಂಕುಗಳಲ್ಲಿ ಒತ್ತೆಯಿಟ್ಟ ಆಸ್ತಿಗಳ ಪೈಕಿ ಕಂಪನಿಯ ಹೆಸರು ಮತ್ತು ಲಾಂಛನಗಳೂ ಇದ್ದವು. ಸಾವಿರಾರು ಕೋಟಿ ಬಾಳುತ್ತವೆಂದು ಒಂದು ಕಾಲಕ್ಕೆ ಬೆಲೆ ಕಟ್ಟಿದ್ದ ಅವುಗಳನ್ನು 2016ರ ಏಪ್ರಿಲಿನಲ್ಲಿ ಸುಮಾರು 367 ಕೋಟಿಗೆ ಹರಾಜಿಗಿಟ್ಟಾಗ ಒಬ್ಬನೂ ಕೂಗಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಕಂಪನಿಯನ್ನು ಸಮಾಪನಗೊಳಿಸಲು ಆಜ್ಞೆ ಮಾಡಿತು. ಆ ಅರ್ಜಿ ಹಾಕಿದ್ದು ಬ್ಯಾಂಕಲ್ಲ, ಬಾಕಿ ಬಾರದಿದ್ದ ವಿಮಾನ ಬಿಡಿಭಾಗಗಳ ಒಬ್ಬ ಸರಬರಾಜುದಾರ.

ಲಾಭ ಬಂದಾಗ ಸನ್ನೆಗೋಲಿನ ಫಲವೆಲ್ಲ ಮಾಲೀಕನದು. ಶೇಕಡಾ 28 ಬಂದ ವರ್ಷ ಕೂಲಿ ಮೂರು ಪಟ್ಟಾದುದನ್ನು ಕಂಡವರುಂಟೆ? ನಷ್ಟ ಬಂದಾಗ ಮೊದಲು ಹೋಗುವುದು ಅವನ ಬಂಡವಾಳವೆಂಬುದು ನಿಜ. ಆದರೆ ಅದು ಮುಗಿದ ಮೇಲೂ ನಷ್ಟ ನಿಲ್ಲುವುದಿಲ್ಲ, ಸಾಲ ಕೊಟ್ಟವರ ಮೇಲೆ ಬೀಳುತ್ತದೆ. ತಿಂಗಳು ಪೂರ್ತಿ ದುಡಿದು ಕೊನೆಗೆ ಸಂಬಳ ಪಡೆಯುವ ಕೆಲಸಗಾರನೂ ಸಾಲ ಕೊಟ್ಟವನೇ. ಉದರಿ ಕೊಟ್ಟ ವರ್ತಕನೂ ಅಷ್ಟೆ. ಈ ಸಾಲಗಳಿಗೆ ಒತ್ತೆಯೂ ಇಲ್ಲ, ಬಡ್ಡಿಯೂ ಇಲ್ಲ. 2016ರ ದಿವಾಳಿ ಸಂಹಿತೆಯ 53ನೆಯ ಕಲಮು, ಮುಚ್ಚಿದ ಕಂಪನಿಯ ಆಸ್ತಿ ಮಾರಿದ ಹಣ ಯಾವ ಸಾಲಿನಲ್ಲಿ ಹಂಚಿಕೆಯಾಗಬೇಕೆಂದು ಹೇಳುತ್ತದೆ. ಮೊದಲು ಆ ಕಾರ್ಯವಿಧಾನದ ಖರ್ಚು. ಆಮೇಲೆ ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿ ಮತ್ತು ಒತ್ತೆಯನ್ನು ಬಿಟ್ಟುಕೊಟ್ಟ ಬ್ಯಾಂಕುಗಳ ಸಾಲ, ಇವೆರಡೂ ಸಮಸಮ. ಕಾರ್ಮಿಕರಲ್ಲದ ಇತರ ನೌಕರರ 12 ತಿಂಗಳ ಸಂಬಳ ಅದರ ಕೆಳಗೆ. ಉದರಿ ಕೊಟ್ಟ ವರ್ತಕ ಸರಕಾರದ ತೆರಿಗೆಗಿಂತಲೂ ಕೆಳಗೆ, ಶೇರುದಾರರಿಗೆ ಸ್ವಲ್ಪ ಮೇಲೆ ನಿಲ್ಲುತ್ತಾನೆ. ಬ್ಯಾಂಕು ಒತ್ತೆಯನ್ನು ಬಿಟ್ಟುಕೊಡದೆ ತಾನೇ ಮಾರಿಕೊಳ್ಳಲೂಬಹುದು. ಆಗ ಗೋಡೆಯ ಹಲಗೆಯಲ್ಲಿ ಹೆಸರಿಸಿದ ಯಂತ್ರ, ಕಟ್ಟಡಗಳು ಹಂಚಿಕೆಯ ರಾಶಿಗೆ ಬರುವುದೇ ಇಲ್ಲ. ಭವಿಷ್ಯನಿಧಿ, ಗ್ರ್ಯಾಚುಯಿಟಿ ನಿಧಿಗಳ ಹಣವನ್ನು ಮಾತ್ರ ಈ ಹಂಚಿಕೆಯಿಂದ ಹೊರಗಿಟ್ಟು ಕಾರ್ಮಿಕರಿಗೇ ಕಾದಿಟ್ಟಿದೆ.

ಆದುದರಿಂದ ಅಂಕಿಯನ್ನು ಮೊದಲೇ ನೋಡಿಕೊಳ್ಳುವುದು ಲೇಸು. ಕಂಪನಿಯಾಗಿ ನೋಂದಾಯಿಸಿದ ಗಿರಣಿಯ ಅಢಾವೆ ಪತ್ರಿಕೆಯನ್ನೂ ಒತ್ತೆಗಳ ಪಟ್ಟಿಯನ್ನೂ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಅಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಶೇರು ಬಂಡವಾಳ ಮತ್ತು ಕಾಪಿಟ್ಟ ಲಾಭ ಎರಡನ್ನೂ ಕೂಡಿಸಿ, ಬಂದ ಮೊತ್ತದಿಂದ ಎಲ್ಲ ಸಾಲವನ್ನು ಭಾಗಿಸಿದರೆ ಪ್ರಮಾಣ ಸಿಗುತ್ತದೆ. ಒಂದು ವರ್ಷದ್ದು ಸಾಲದು, ಮೂರು ವರ್ಷದ್ದನ್ನು ಪಕ್ಕಪಕ್ಕ ಇಡಬೇಕು. ಬಡ್ಡಿಗೆ ಮುಂಚಿನ ಉಳಿತಾಯ ಬಡ್ಡಿಯ ಎಷ್ಟು ಪಟ್ಟಿದೆ ಎಂಬುದನ್ನೂ ನೋಡಬೇಕು. ನಮ್ಮ ಎರಡನೆಯ ಗಿರಣಿಯಲ್ಲಿ ಒಳ್ಳೆಯ ವರ್ಷದಲ್ಲಿಯೂ ಅದು ಎರಡು ಪಟ್ಟು ಮುಟ್ಟಿರಲಿಲ್ಲ. ಪಾಲುದಾರಿಕೆಯ ಗಿರಣಿಗಳ ಲೆಕ್ಕ ಹೀಗೆ ಸಿಗುವುದಿಲ್ಲ. ಅಲ್ಲಿ ಬೇರೆ ಗುರುತುಗಳನ್ನು ಹಿಡಿಯಬೇಕು. ಹೊಸ ಯಂತ್ರ ಒಂದೂ ಬಾರದಿದ್ದರೂ ಹೊಸ ಒತ್ತೆಗಳು ಆಗುತ್ತಿರುವುದು, 30 ದಿನದ ಉದರಿ 90 ದಿನಕ್ಕೆ ಜಗ್ಗುವುದು, ಸಂಬಳದಲ್ಲಿ ಮುರಿದುಕೊಂಡ ಭವಿಷ್ಯನಿಧಿ ಕೆಲಸಗಾರನ ಪಾಸುಬುಕ್ಕಿನಲ್ಲಿ ಜಮೆಯಾಗದಿರುವುದು. ಈ ಕಡೆಯದನ್ನು ಪ್ರತಿಯೊಬ್ಬ ಕೆಲಸಗಾರನೂ ತಿಂಗಳಿಗೊಮ್ಮೆ ತಾನೇ ನೋಡಿಕೊಳ್ಳಬಹುದು. ಎರಡು ತಿಂಗಳು ಜಮೆ ಬಾರದಿದ್ದರೆ ಸಂಘದವರು ವ್ಯವಸ್ಥಾಪಕನನ್ನು ಕೇಳತಕ್ಕದ್ದು, ಉತ್ತರ ಸರಿಯಿಲ್ಲದಿದ್ದರೆ ಭವಿಷ್ಯನಿಧಿ ಕಚೇರಿಗೆ ಬರಹದಲ್ಲಿ ದೂರು ಕೊಡತಕ್ಕದ್ದು.