ಕಾಲಂ ಖಾಲಿ ಬಿಟ್ಟೋರು ಅವರು, ಕಟ್ಟಬೇಕಾದೋಳು ದೊಡ್ಡಮ್ಮ

ಹೋದ ಸಲ ಊರಿಗೆ ಹೋದಾಗ ದೊಡ್ಡಮ್ಮ ಸೆರಗಿನ ಗಂಟಿನಿಂದ ಬ್ಯಾಂಕಿನ ಕಾಗದ ತೆಗೆದು ಕೈಗಿಟ್ಟಳು. ‘ನಿಮಗೆ 4,91,400 ರೂಪಾಯಿ ಹೆಚ್ಚುವರಿ ಪಿಂಚಣಿ ಪಾವತಿಯಾಗಿದೆ, ವಸೂಲಿ ಮಾಡಲಾಗುವುದು’ ಅಂತ ಇತ್ತು. ‘ನಾನೇನು ಕದ್ದೆನೇನೋ ಮಗಾ?’ ಅಂದಳು. ಅರವತ್ತೆಂಟರ ಹೆಂಗಸು.

ದೊಡ್ಡಪ್ಪ ಅಂಚೆ ಇಲಾಖೆಯಲ್ಲಿ ಪೋಸ್ಟ್‌ಮನ್. ಹುಟ್ಟಿದ್ದು 1952ರ ಮಾರ್ಚ್ 31, ನಿವೃತ್ತಿ 2012ರಲ್ಲಿ, ತೀರಿಕೊಂಡಿದ್ದು 2015ರ ನವೆಂಬರ್‌ನಲ್ಲಿ. ಕೇಂದ್ರ ಸರ್ಕಾರದ ಕುಟುಂಬ ಪಿಂಚಣಿಗೆ ಎರಡು ದರ. ನಿವೃತ್ತಿಯ ನಂತರ ತೀರಿಕೊಂಡರೆ ಮೊದಲಿಗೆ ಹೆಚ್ಚಿನ ದರ ಸಿಗುತ್ತೆ. ಅದು ಏಳು ವರ್ಷ ಅಥವಾ ತೀರಿಕೊಂಡವರಿಗೆ 67 ತುಂಬಬೇಕಿದ್ದ ದಿನ, ಯಾವುದು ಮೊದಲೋ ಅಲ್ಲಿವರೆಗೆ. ಆಮೇಲೆ ಕಡೆಯ ಸಂಬಳದ ಶೇ. 30ರ ಸಾಮಾನ್ಯ ದರ. ದೊಡ್ಡಪ್ಪನ ಲೆಕ್ಕದಲ್ಲಿ 2019ರ ಏಪ್ರಿಲ್‌ನಿಂದ ಮೂಲ ಪಿಂಚಣಿ 15,000ದಿಂದ 9,000ಕ್ಕೆ ಇಳಿಯಬೇಕಿತ್ತು. ಇಳಿಯಲಿಲ್ಲ. ತಿಂಗಳಿಗೆ 6,000, ಅದರ ಮೇಲಿನ ತುಟ್ಟಿಭತ್ಯೆ ಸೇರಿ 2024ರ ಜೂನ್‌ವರೆಗೆ 63 ತಿಂಗಳು ಹೆಚ್ಚಿಗೆ ಬಂತು. ನಾನೇ ಕೂತು ತಿಂಗಳು ತಿಂಗಳು ಕೂಡಿ ನೋಡಿದೆ, ಮೊತ್ತ ಸರಿ ಇತ್ತು.

ಅಂದ್ರೆ ತಪ್ಪು ದುಡ್ಡಿನ ಲೆಕ್ಕದಲ್ಲಲ್ಲ, ದಿನಾಂಕದಲ್ಲಿ. ಶಾಖೆಯವರೇ ಹೇಳಿದ್ರು, ಹೆಚ್ಚಿನ ದರ ಮುಗಿಯುವ ದಿನಾಂಕದ ಕಾಲಂ ಸಿಸ್ಟಮ್‌ನಲ್ಲಿ ಖಾಲಿ ಇತ್ತಂತೆ. ನಾನು ಹೊಟ್ಟೆ ಹೊರೆಯೋದೇ ಸಾಫ್ಟ್‌ವೇರ್ ಬರೆದು. ಆ ಕಾಲಂ ಖಾಲಿ ಇದ್ರೆ ಫಾರ್ಮ್ ಮುಂದೆ ಹೋಗದ ಹಾಗೆ ಮಾಡೋಕೆ ಅರ್ಧ ದಿನದ ಕೆಲಸ. ಸಾಲದ ಕಂತು ಒಂದು ದಿನ ತಡವಾದ್ರೆ ಮೆಸೇಜ್ ಕಳಿಸೋ ಬ್ಯಾಂಕಿಗೆ ಐದು ವರ್ಷ ಇದು ಕಾಣಲಿಲ್ಲ ಅಂದ್ರೆ ನಂಬೋಕಾಗಲ್ಲ.

ಈಗ ಅವರ ಪ್ರಸ್ತಾವ ನೋಡಿ. ಸಾಮಾನ್ಯ ದರ, 2024ರ ಜೂನ್‌ನಲ್ಲಿದ್ದ ಶೇ. 50 ತುಟ್ಟಿಭತ್ಯೆ ಸೇರಿ ಅವಳಿಗೆ ಸಿಗೋದು 13,500. ಅದರಲ್ಲಿ ಮೂರನೇ ಒಂದು ಭಾಗ, 4,500 ಹಿಡಿತಾರಂತೆ. ನಿನ್ನೆವರೆಗೆ 22,500 ತಗೊಳ್ತಿದ್ದವಳ ಕೈಗೆ ಇನ್ನು 9,000. ತೀರೋಕೆ ಒಂಬತ್ತು ವರ್ಷದ ಮೇಲೆ ಬೇಕು.

ಇಲ್ಲಿ ಒಂದು ಮಾತು ನೇರವಾಗಿ ಒಪ್ಪಿಕೊಳ್ಳಬೇಕು. ಮುಂದಿನ ಪಿಂಚಣಿ ಇಳಿಯೋದು ನ್ಯಾಯ, ಅದಕ್ಕೆ ಜಗಳ ಆಡೋದು ವ್ಯರ್ಥ. ಜಗಳ ಹಿಂದಿನದಕ್ಕೆ ಮಾತ್ರ. 2014ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ರಫೀಕ್ ಮಸೀಹ್ ಪ್ರಕರಣದಲ್ಲಿ ಹೇಳಿದೆ: ಗ್ರೂಪ್ ಸಿ, ಡಿ ನೌಕರರಿಂದ, ನಿವೃತ್ತರಿಂದ, ಐದು ವರ್ಷ ಮೀರಿ ಹೆಚ್ಚಿಗೆ ಕೊಟ್ಟಿದ್ದರೆ ಅದನ್ನು ವಸೂಲಿ ಮಾಡೋಹಾಗಿಲ್ಲ, ಪಡೆದವರು ಮೋಸ ಮಾಡಿರದಿದ್ದರೆ. ದೊಡ್ಡಪ್ಪ ಗ್ರೂಪ್ ಸಿ. ನೋಟಿಸು ಬಂದಿದ್ದು 2024ರ ಜುಲೈನಲ್ಲಿ, ಅಂದ್ರೆ ಐದು ವರ್ಷ ದಾಟಿದ ಮೇಲೆ. ಅವಳು ಮುಚ್ಚಿಟ್ಟಿದ್ದೇನೂ ಇಲ್ಲ. ಮರಣ ಪ್ರಮಾಣಪತ್ರ ಕೊಟ್ಟವಳೇ ಅವಳು. 2022ರಲ್ಲಿ ಕೇರಳದ ಶಿಕ್ಷಕ ಥಾಮಸ್ ಡೇನಿಯಲ್ ಪ್ರಕರಣದಲ್ಲೂ ಕೋರ್ಟ್ ಇದೇ ಧಾಟಿಯಲ್ಲಿ ಮಾತಾಡಿದೆ.

ಬ್ಯಾಂಕಿನ ಹತ್ತಿರ ಒಂದು ಬಾಣ ಇದೆ, ಅದನ್ನ ಮರೆಮಾಚಬಾರದು. ಪಿಂಚಣಿ ಖಾತೆ ಶುರು ಮಾಡುವಾಗ ‘ಹೆಚ್ಚಿಗೆ ಬಂದರೆ ಹಿಂದಿರುಗಿಸುತ್ತೇನೆ’ ಅಂತ ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡಿರ್ತಾರೆ. 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ ಇಂಥ ಮುಚ್ಚಳಿಕೆ ಇದ್ದದ್ದಕ್ಕೇ ಕೋರ್ಟ್ ವಸೂಲಿಗೆ ಒಪ್ಪಿತು. ಆದರೆ ಅವರು ನ್ಯಾಯಾಧೀಶರು, ಓದಿ ಅರ್ಥಮಾಡಿಕೊಂಡು ಸಹಿ ಹಾಕಿದವರು. ನಮ್ಮ ದೊಡ್ಡಮ್ಮ ಗಂಡನ ತಿಥಿ ಮುಗಿಸಿ ಬಂದು, ಹೇಳಿದ ಕಡೆಯಲ್ಲೆಲ್ಲ ಹೆಬ್ಬೆಟ್ಟು ಒತ್ತಿದವಳು. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ನನ್ನ ಪ್ರಕಾರ ಅನ್ಯಾಯ.

ಹಾಗಾಗಿ ನಾವು ಮಾಡಿದ್ದಿಷ್ಟು. ‘ಕಂತಿಗೆ ಒಪ್ಪಿಗೆ’ ಅನ್ನೋ ಫಾರಂಗೆ ಹೆಬ್ಬೆಟ್ಟು ಒತ್ತಲಿಲ್ಲ. ಅಲ್ಲಿ ಒತ್ತಿದರೆ ಆಮೇಲೆ ಬಾಯಿ ಬಿಡೋಕಾಗಲ್ಲ. ಒಂದು ಅರ್ಜಿ ಬರೆದೆವು: ತಿಂಗಳುವಾರು ಎಷ್ಟು ಬರಬೇಕಿತ್ತು, ಎಷ್ಟು ಬಂತು ಅನ್ನೋ ಪಟ್ಟಿ ಕೊಡಿ, ಪಿಪಿಒ ಪ್ರತಿ ಕೊಡಿ, ಮುಚ್ಚಳಿಕೆ ಇದೆ ಅಂದ್ರೆ ಅದರ ಪ್ರತಿನೂ ಕೊಡಿ, ಉತ್ತರ ಬರೋವರೆಗೆ ಕಡಿತ ನಿಲ್ಲಿಸಿ. ಕೆಳಗೆ 2014ರ ತೀರ್ಪು, ಗ್ರೂಪ್ ಸಿ, 63 ತಿಂಗಳು ಅಂತ ಸ್ಪಷ್ಟವಾಗಿ ಬರೆದೆವು. ಒಂದು ಪ್ರತಿ ದೊಡ್ಡಪ್ಪನ ಇಲಾಖೆಗೂ ಹೋಯಿತು, ವಸೂಲಿ ಮನ್ನಾ ಮಾಡಿ ಅಂತ. ಮುಚ್ಚಳಿಕೆ ನಿಜವಾಗಿ ಸಿಕ್ಕರೆ, ಕನಿಷ್ಠ ಕಂತನ್ನಾದ್ರೂ ಇಳಿಸಿ ಅಂತ ಕೇಳೋದು ಎರಡನೇ ದಾರಿ.

ಕೌಂಟರಿನವರು ಅರ್ಜಿ ತಗೊಳ್ಳೋಕೆ ಒಪ್ಪಲಿಲ್ಲ. ‘ಮೇಲಿಂದ ಬಂದಿದ್ದು, ನಮ್ಮ ಕೈಲಿಲ್ಲ’ ಅಂದ್ರು. ಸೀಲು ಬೀಳೋವರೆಗೆ ದೊಡ್ಡಮ್ಮ ಕುರ್ಚಿಯಿಂದ ಏಳಲಿಲ್ಲ. ಮೂವತ್ತು ದಿನ ಕಳೆದರೂ ಉತ್ತರ ಬರಲಿಲ್ಲ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟಿದ್ದೇವೆ. ಮುಚ್ಚಳಿಕೆಯ ಪ್ರತಿ ಅವರಿಗಿನ್ನೂ ಸಿಕ್ಕಿಲ್ಲವಂತೆ, ಹುಡುಕ್ತಾ ಇದ್ದಾರಂತೆ.