ವೆಬ್‌ಸೈಟ್ ಕೊಟೇಶನ್: ಗಂಟೆ ದರವೋ, ನಿಗದಿತ ಮೊತ್ತವೋ?

ಶಿವಮೊಗ್ಗ ಹಾಗೂ ಭದ್ರಾವತಿಯ ಸಣ್ಣ ಉದ್ಯಮಿಗಳು ವೆಬ್‌ಸೈಟ್ ರಚನೆಗಾಗಿ ಸ್ವತಂತ್ರ ವಿನ್ಯಾಸಕರಿಂದ ಕೊಟೇಶನ್ ಪಡೆದಾಗ, ಒಬ್ಬರು ಒಟ್ಟು ಮೊತ್ತವನ್ನೂ ಮತ್ತೊಬ್ಬರು ಗಂಟೆಯ ದರವನ್ನೂ ನಮೂದಿಸಿರುವುದುಂಟು. ಇವೆರಡನ್ನು ಕೇವಲ ಮೊತ್ತ ನೋಡಿ ಹೋಲಿಸುವುದು ಸರಿಯಲ್ಲ.

ಮಾಚೇನಹಳ್ಳಿಯ ಎರಕದ ಬಿಡಿಭಾಗ ತಯಾರಕರೊಬ್ಬರಿಗೆ ಎರಡು ಕೊಟೇಶನ್ ಬಂದಿವೆಯೆಂದು ಭಾವಿಸೋಣ. ಮೊದಲನೆಯದು ಎಂಟು ಪುಟಗಳಿಗೆ ನಿಗದಿತ 36,000 ರೂ. ಎರಡನೆಯದು ಗಂಟೆಗೆ 500 ರೂ., ಅಂದಾಜು 50 ಗಂಟೆ. ಅಂದರೆ 25,000 ರೂ. ಕೆಲಸ 72 ಗಂಟೆ ಹಿಡಿದರೆ ಎರಡೂ ಸಮ. ಮೇಲ್ನೋಟಕ್ಕೆ 72 ದಾಟಿದರೆ ನಿಗದಿತ ಮೊತ್ತವೇ ಲಾಭದಾಯಕ.

ಆದರೆ ಹೆಚ್ಚುವರಿ ಗಂಟೆಗಳು ಯಾರಿಂದ ಉಂಟಾದವು ಎಂಬುದು ಮುಖ್ಯ. ಅದೇ ಎಂಟು ಪುಟಗಳಿಗೆ ವಿನ್ಯಾಸಕರು 80 ಗಂಟೆ ತೆಗೆದುಕೊಂಡರೆ ಗಂಟೆ ದರದಲ್ಲಿ 40,000 ರೂ. ತೆರಬೇಕು, ಇಲ್ಲಿ ನಿಗದಿತ ಮೊತ್ತವೇ ಮೇಲು. ಅದರ ಬದಲು, ಮಾಲೀಕರೇ ನಡುವೆ ಕನ್ನಡ ಆವೃತ್ತಿಯೂ ಬೇಕೆಂದು ಕೇಳಿ 24 ಗಂಟೆ ಹೆಚ್ಚಾದರೆ ಗಂಟೆ ದರದ ಲೆಕ್ಕ 37,000 ರೂ. ಆಗುತ್ತದೆ. ನಿಗದಿತ ಕರಾರಿನಲ್ಲಿ ಈ ಕೆಲಸ ಸೇರಿರುವುದಿಲ್ಲ. ಅದಕ್ಕೆ ಪ್ರತ್ಯೇಕವಾಗಿ 10,000 ರೂ. ಕೇಳಿದರೆ ಒಟ್ಟು 46,000 ರೂ. ಆಗುತ್ತದೆ. ವಿನ್ಯಾಸಕರ ನಿಧಾನದಿಂದ ನಿಗದಿತ ಮೊತ್ತ ನಮ್ಮನ್ನು ಕಾಪಾಡುತ್ತದೆ. ನಮ್ಮದೇ ಮನಸ್ಸು ಬದಲಾವಣೆಯಿಂದ ಕಾಪಾಡುವುದಿಲ್ಲ.

ನಮ್ಮ ಯಂತ್ರಾಗಾರಗಳ ಪದ್ಧತಿಯೂ ಇದೇ ಅಲ್ಲವೇ? ಡ್ರಾಯಿಂಗ್ ಕೈಯಲ್ಲಿದ್ದರೆ ನಗಕ್ಕೆ ಇಂತಿಷ್ಟೆಂದು ದರ ಹೇಳುತ್ತೇವೆ. ಬಿಚ್ಚಿ ನೋಡದ ಯಂತ್ರದ ದುರಸ್ತಿಗೆ ಗಂಟೆಯ ಲೆಕ್ಕ ಹಿಡಿಯುತ್ತೇವೆ. ಪುಟಗಳ ಪಟ್ಟಿ, ಬರಹ, ಛಾಯಾಚಿತ್ರ, ಉತ್ಪನ್ನಗಳ ತೂಕ ಹಾಗೂ ಅಳತೆಯ ಕೋಷ್ಟಕ ಸಿದ್ಧವಿದ್ದರೆ ಅದೇ ವೆಬ್‌ಸೈಟಿನ ಡ್ರಾಯಿಂಗ್. ಆಗ ನಿಗದಿತ ಮೊತ್ತವನ್ನು ಒಪ್ಪಿ, ಎಷ್ಟು ಸುತ್ತು ತಿದ್ದುಪಡಿ ಅದರಲ್ಲಿ ಸೇರಿದೆ ಎಂಬುದನ್ನು ಬರೆಸಿಕೊಳ್ಳಬೇಕು.

ಇವು ಸಿದ್ಧವಿಲ್ಲದಿದ್ದರೆ ಗಂಟೆ ದರವೇ ನ್ಯಾಯ. ಆದರೆ ಅದಕ್ಕೊಂದು ಗರಿಷ್ಠ ಮಿತಿ ಇರಬೇಕು. ಮೇಲಿನ ಉದಾಹರಣೆಯಲ್ಲಿ, 60 ಗಂಟೆ ಮೀರುವ ಮುನ್ನ ಲಿಖಿತ ಒಪ್ಪಿಗೆ ಪಡೆಯತಕ್ಕದ್ದೆಂದು ಖರೀದಿ ಆದೇಶದಲ್ಲೇ ನಮೂದಿಸಬಹುದು. ಪ್ರತಿ ವಾರ ಪುಟವಾರು ಗಂಟೆಗಳ ವಿವರ ಪಡೆಯಬೇಕು. ‘ವಿನ್ಯಾಸ ಕೆಲಸ, 12 ಗಂಟೆ’ ಎಂಬ ಒಂದೇ ಸಾಲಿನ ಬಿಲ್ಲು ಬಂದರೆ ಪಾವತಿಗೆ ಮುನ್ನ ವಿವರ ಕೇಳುವುದು ಲೇಸು.

ದರ ಯಾವುದೇ ಇರಲಿ, ಒಂದು ಷರತ್ತು ಎರಡಕ್ಕೂ ಅನ್ವಯ. 1957ರ ಹಕ್ಕುಸ್ವಾಮ್ಯ ಅಧಿನಿಯಮದಂತೆ, ನೌಕರನಲ್ಲದ ಸ್ವತಂತ್ರ ವಿನ್ಯಾಸಕ ಬರೆದ ಪ್ರೋಗ್ರಾಮಿನ ಹಕ್ಕು, ಲಿಖಿತ ವರ್ಗಾವಣೆಯಿಲ್ಲದಿದ್ದರೆ, ಸಾಮಾನ್ಯವಾಗಿ ಆತನಲ್ಲಿಯೇ ಉಳಿಯುತ್ತದೆ. ಹಣ ಪೂರ್ತಿ ಸಂದಿದೆ ಎಂಬುದಷ್ಟೇ ಸಾಲದು. ಆದ್ದರಿಂದ ಹಕ್ಕಿನ ವರ್ಗಾವಣೆ ಪತ್ರ ಹಾಗೂ ಡೊಮೈನ್ ಹೆಸರು ಸಂಸ್ಥೆಯ ಹೆಸರಿಗೆ ಬಂದ ನಂತರವೇ ಅಂತಿಮ ಕಂತು ನೀಡುವುದೆಂದು ಕರಾರಿನಲ್ಲಿ ಸೇರಿಸುವುದು ಅವಶ್ಯಕ ಎಂಬುದು ನನ್ನ ಖಚಿತ ಅಭಿಪ್ರಾಯ.