ಮೂರು-ನಾಲ್ಕು ಬೇರೆ, ನಾಲ್ಕು-ಮೂರು ಬೇರೆ

ನನ್ನ ಅಕ್ಕನ ಮಗಳು ಈ ವರ್ಷ ಹತ್ತನೇ ಕ್ಲಾಸು. ಊರು ಅಂಜನಾಪುರ. ಬೆಂಗಳೂರಿನ ಅಂಜನಾಪುರ ಅಂದ್ಕೋಬೇಡಿ, ಇದು ಶಿಕಾರಿಪುರ ತಾಲ್ಲೂಕಿನದು, ಕುಮುದ್ವತಿ ನದಿಗೆ ಅಣೆಕಟ್ಟು ಇರೋ ಊರು. ಗಣಿತದಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಪುಸ್ತಕದ ಪುಟದ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡ್ತಾಳೆ. ಹೋದ ವಾರ ಬಂದ ಫೋಟೋ ಸಂಭವನೀಯತೆ ಪಾಠದ್ದು.

ಲೆಕ್ಕ ಎರಡು ದಾಳಗಳದ್ದು. ಎರಡನ್ನೂ ಒಟ್ಟಿಗೆ ಎಸೆದಾಗ ಬರುವ ಮೊತ್ತಕ್ಕೆ ಒಂದು ಕೋಷ್ಟಕ ಕೊಟ್ಟಿದ್ದಾರೆ. ಮೇಲಿನ ಸಾಲಿನಲ್ಲಿ 2ರಿಂದ 12ರವರೆಗೆ ಮೊತ್ತಗಳು, ಕೆಳಗಿನ ಸಾಲಿನಲ್ಲಿ ಅವುಗಳ ಸಂಭವನೀಯತೆ. 2ರ ಕೆಳಗೆ 1/36, 8ರ ಕೆಳಗೆ 5/36, 12ರ ಕೆಳಗೆ 1/36 ಅಂತ ತುಂಬಿಸಿ, ಉಳಿದದ್ದನ್ನು ನೀವು ತುಂಬಿ ಅಂದಿದ್ದಾರೆ. ಆಮೇಲೆ ಇನ್ನೊಂದು ಪ್ರಶ್ನೆ: ಮೊತ್ತ 2ರಿಂದ 12ರವರೆಗೆ ಒಟ್ಟು 11 ಇವೆ, ಹಾಗಾಗಿ ಪ್ರತಿಯೊಂದರ ಸಂಭವನೀಯತೆ 1/11 ಅಂತ ಒಬ್ಬ ವಿದ್ಯಾರ್ಥಿ ವಾದ ಮಾಡ್ತಾನೆ, ನೀವು ಒಪ್ತೀರಾ?

ಫೋಟೋದ ಕೆಳಗೆ ಇವಳ ಮೆಸೇಜು. "ಚಿಕ್ಕಿ, 1/11 ತಪ್ಪು ಅಂತ ನಂಗೆ ಗೊತ್ತು. 12 ಬರಕ್ಕೆ ಎರಡು ದಾಳದಲ್ಲೂ 6 ಬೀಳ್ಬೇಕು, 7 ಹ್ಯಾಗ್ಹ್ಯಾಗೋ ಬರುತ್ತೆ. ಆದ್ರೆ ನಾನು ಎಲ್ಲಾ ಜೋಡಿ ಬರೆದೆ, 21 ಬಂತು. 8ಕ್ಕೆ ಮೂರೇ ಜೋಡಿ. ಹಾಗಾದ್ರೆ 3/21 ಆಗ್ಬೇಕಲ್ವಾ? ಈ 36 ಎಲ್ಲಿಂದ ಬಂತು?"

ಇದು ಒಳ್ಳೆಯ ಪ್ರಶ್ನೆ. 1/11 ಅನ್ನುವ ವಾದವನ್ನು ಹೆಚ್ಚಿನವರು ಬೇಗ ಬಿಡ್ತಾರೆ. 21ರ ವಾದ ಅಷ್ಟು ಸುಲಭಕ್ಕೆ ಬಿಡೋದಿಲ್ಲ. ಅವಳ ಪಟ್ಟಿ ನೋಡಿ: 1-1, 1-2, 1-3... ಹೀಗೆ 6-6ರವರೆಗೆ. ಯಾವುದನ್ನೂ ಬಿಟ್ಟಿಲ್ಲ, ಯಾವುದೂ ಎರಡು ಸಲ ಬಂದಿಲ್ಲ. 8ಕ್ಕೆ 2-6, 3-5, 4-4. 7ಕ್ಕೆ 1-6, 2-5, 3-4. ಎರಡಕ್ಕೂ ಮೂರು ಮೂರು. ಅವಳ ಲೆಕ್ಕದಲ್ಲಿ 7 ಮತ್ತು 8 ಸಮ.

ಉತ್ತರ ಹೇಳೋ ಮೊದಲು ಹಿಂದಿನ ಪುಟಗಳ ಫೋಟೋ ಕಳಿಸು ಅಂದೆ. ಯಾಕಂದರೆ ಈ ಲೆಕ್ಕ "ಹಿಂದಿನ ಉದಾಹರಣೆ ನೋಡಿ" ಅಂತ ಶುರುವಾಗುತ್ತೆ, ಆ ಉದಾಹರಣೆ ಫೋಟೋದಲ್ಲಿ ಇರಲಿಲ್ಲ. ಅದು ಬಂದಾಗ ವಿಷಯ ಅಲ್ಲೇ ಇತ್ತು: ಎಸೆಯುವುದು ಒಂದು ನೀಲಿ ದಾಳ, ಒಂದು ಬೂದು ದಾಳ. ಫೋಟೋ ತೆಗೆದು ಲೆಕ್ಕ ಕೇಳುವ ಮಕ್ಕಳಿಗೆ ನಾನು ಹೇಳೋದು ಇಷ್ಟೇ. ಈ ಪಾಠದಲ್ಲಿ ಅಂಕಿಗಿಂತ ಪದ ಮುಖ್ಯ. ದಾಳಕ್ಕೆ ಬಣ್ಣ ಇದೆಯಾ, ಇಸ್ಪೀಟು ಎಲೆ ತೆಗೆದ ಮೇಲೆ ಮರಳಿ ಕಟ್ಟಿನೊಳಗೆ ಇಟ್ಟರಾ ಇಲ್ಲವಾ, ಅಂಥ ಒಂದು ಪದ ಫೋಟೋದ ಅಂಚಿನಲ್ಲಿ ಕತ್ತರಿಸಿ ಹೋದರೂ ಲೆಕ್ಕವೇ ಬೇರೆಯಾಗುತ್ತೆ.

ಈಗ ಬಣ್ಣ ಇಟ್ಟುಕೊಂಡು ಎಣಿಸೋಣ. ಚೌಕುಳಿ ಹಾಳೆಯಲ್ಲಿ ಆರು ಅಡ್ಡಸಾಲು, ಆರು ಉದ್ದಸಾಲು ಹಾಕಿ. ಅಡ್ಡಸಾಲುಗಳು ನೀಲಿ ದಾಳದ 1ರಿಂದ 6, ಉದ್ದಸಾಲುಗಳು ಬೂದು ದಾಳದ 1ರಿಂದ 6. ಆರಾರಲೆ 36 ಮನೆ. ಇದೇ ನಮ್ಮ ಫಲಿತಗಣ, ಅಂದರೆ ಏನೇನು ಆಗಬಹುದೋ ಅದರ ಪೂರ್ತಿ ಪಟ್ಟಿ. ಈಗ ಪ್ರತಿ ಮನೆಯೊಳಗೆ ಎರಡರ ಮೊತ್ತ ಬರೆಯಿರಿ. ಒಂದೇ ಮೊತ್ತದ ಮನೆಗಳು ಓರೆಯಾಗಿ ಒಂದು ಸಾಲಲ್ಲಿ ನಿಲ್ಲುತ್ತವೆ. 2 ಒಂದು ಮೂಲೆಯಲ್ಲಿ ಒಂಟಿ, 12 ಎದುರು ಮೂಲೆಯಲ್ಲಿ ಒಂಟಿ, 7 ಮೂಲೆಯಿಂದ ಮೂಲೆಗೆ ಆರು ಮನೆ. 8ರ ಓರೆಸಾಲು ಹೀಗಿದೆ: (2,6), (3,5), (4,4), (5,3), (6,2). ಐದು ಮನೆ. ಪುಸ್ತಕದ 5/36 ಬಂದದ್ದು ಇಲ್ಲಿಂದ.

ಕೋಷ್ಟಕ ತುಂಬಲು ಎಣಿಕೆಗಳು 1, 2, 3, 4, 5, 6, 5, 4, 3, 2, 1. ಇವನ್ನು ಕೂಡಿಸಿ ನೋಡಿ, 36 ಬರಲೇಬೇಕು. ಬರದಿದ್ದರೆ ಯಾವುದೋ ಮನೆ ಬಿಟ್ಟಿದ್ದೀರಿ ಅಥವಾ ಎರಡು ಸಲ ಎಣಿಸಿದ್ದೀರಿ. ಪರೀಕ್ಷೆಯಲ್ಲಿ ಈ ಕೂಡುವಿಕೆಗೆ ಅರ್ಧ ನಿಮಿಷ ಸಾಕು. ಹೆಚ್ಚಿನ ಮಕ್ಕಳು ತಪ್ಪೋದು ಎರಡು ಕಡೆ. (3,5) ಬರೆದು (5,3) ಮರೆಯೋದು ಒಂದು. (4,4)ನ್ನು ಎರಡು ಸಲ ಬರೆಯೋದು ಇನ್ನೊಂದು. ನೀಲಿ 4, ಬೂದು 4 ಅನ್ನೋದನ್ನು ತಿರುಗಿಸಿದರೂ ಅದೇ ಮನೆ, ಹಾಗಾಗಿ ಅದು ಒಂದೇ.

ಹುಡುಗಿ ಇಷ್ಟಕ್ಕೆ ಬಿಡಲಿಲ್ಲ. "ನಮ್ಮನೆ ದಾಳ ಎರಡೂ ಬಿಳಿ ಚಿಕ್ಕಿ. ಮೂರು-ಐದು ಬಿದ್ರೂ ಐದು-ಮೂರು ಬಿದ್ರೂ ನಂಗೆ ಒಂದೇ ಥರ ಕಾಣುತ್ತೆ. ಆಗ 21 ಸರಿ ತಾನೆ?"

ಒಂದು ದಾಳಕ್ಕೆ ನೇಲ್ ಪಾಲಿಶ್‌ನ ಒಂದು ಚುಕ್ಕೆ ಇಡು ಅಂದೆ. ಚುಕ್ಕೆ ಇಟ್ಟಿದ್ದಕ್ಕೆ ದಾಳ ಉರುಳುವ ರೀತಿ ಬದಲಾಗುತ್ತಾ? ಇಲ್ಲ. ಚುಕ್ಕೆ ಇದ್ದಾಗ 36 ಫಲಿತಗಳು ಸಮಸಮ ಅಂತ ಅವಳೂ ಒಪ್ತಾಳೆ. ಹಾಗಾದರೆ ಚುಕ್ಕೆ ಅಳಿಸಿದ ಮೇಲೂ ಅವು ಸಮಸಮವೇ, ನಮ್ಮ ಕಣ್ಣಿಗೆ ಗುರುತು ಸಿಗೋದಿಲ್ಲ ಅಷ್ಟೇ. 3-5 ಅನ್ನುವ ನೋಟಕ್ಕೆ ಎರಡು ದಾರಿ, 4-4 ಅನ್ನುವ ನೋಟಕ್ಕೆ ಒಂದೇ ದಾರಿ. ಅವಳ 21ರ ಪಟ್ಟಿಯಲ್ಲಿ ಏನೂ ಬಿಟ್ಟುಹೋಗಿಲ್ಲ ನಿಜ, ಆದರೆ ಅದರಲ್ಲಿರುವವು ಸಮತೂಕದವಲ್ಲ. 15 ಜೋಡಿಗೆ 2/36, ಆರು ಜೋಡಿಗೆ 1/36. ಅನುಕೂಲವಾದವನ್ನು ಎಣಿಸಿ ಒಟ್ಟಿನಿಂದ ಭಾಗಿಸುವ ಸೂತ್ರ ನಡೆಯೋದು ಪಟ್ಟಿಯಲ್ಲಿರುವ ಪ್ರತಿಯೊಂದೂ ಸಮತೂಕದ್ದಾಗಿದ್ದರೆ ಮಾತ್ರ. 1/11ರ ವಾದ ಬಿದ್ದದ್ದೂ ಇದಕ್ಕೇ.

ಬಾಯಿಮಾತು ಬೇಡ, ಎಸೆದು ನೋಡೋಣ ಅಂದ್ಕೊಂಡೆವು. ಏನನ್ನು ನೋಡಬೇಕು ಅನ್ನೋದನ್ನು ಮೊದಲೇ ಗೊತ್ತು ಮಾಡಿಕೊಂಡೆವು: ಎರಡರಲ್ಲೂ ಒಂದೇ ಸಂಖ್ಯೆ ಬೀಳೋದು. 36ರ ಲೆಕ್ಕದಲ್ಲಿ ಅದು 6/36, ಅಂದರೆ 180 ಸಲ ಎಸೆದರೆ ಸುಮಾರು 30. ಅವಳ ಲೆಕ್ಕದಲ್ಲಿ 6/21, 180ಕ್ಕೆ ಸುಮಾರು 51. ಎರಡಕ್ಕೂ ಇಷ್ಟು ಅಂತರ ಇರೋದರಿಂದಲೇ ಈ ಪರೀಕ್ಷೆ ಕೆಲಸಕ್ಕೆ ಬರುತ್ತೆ. 7 ಮತ್ತು 8ನ್ನು ಹೋಲಿಸೋಕೆ ಹೋಗಿದ್ದರೆ 180 ಎಸೆತದಲ್ಲಿ 30ಕ್ಕೂ 25ಕ್ಕೂ ಇರುವ ವ್ಯತ್ಯಾಸ ಅದೃಷ್ಟದ ಏರಿಳಿತದಲ್ಲೇ ಮುಚ್ಚಿಹೋಗುತ್ತಿತ್ತು.

ನನ್ನ ಕೆಲಸ ಸಾಫ್ಟ್‌ವೇರು, ಕಂಪ್ಯೂಟರಿನಲ್ಲಿ ಲಕ್ಷ ಸಲ ಎಸೆಯೋದು ಎರಡು ನಿಮಿಷದ ಮಾತು. ಆದರೆ ಈ ಜಗಳ ಅದರಿಂದ ತೀರೋದಿಲ್ಲ. ಪ್ರೋಗ್ರಾಂ ಬರೆಯುವಾಗ ನಾನೇ ಮೊದಲ ದಾಳಕ್ಕೆ ಒಂದು ಸಂಖ್ಯೆ, ಎರಡನೇ ದಾಳಕ್ಕೆ ಬೇರೊಂದು ಸಂಖ್ಯೆ ಆರಿಸು ಅಂತ ಬರೆದಿರ್ತೀನಿ. 36ರ ಲೆಕ್ಕವನ್ನು ಒಳಗೆ ಇಟ್ಟು ಅದನ್ನೇ ಹೊರಗೆ ತೆಗೆದ ಹಾಗೆ. ಇಲ್ಲಿ ನಿಜವಾದ ದಾಳಗಳೇ ಹೇಳಬೇಕು.

ಅಕ್ಕನ ಮನೆ ಜಗಲಿಯಲ್ಲಿ ಅಮ್ಮ ಗೀಟು ಎಳೀತಾ ಹೋದರು, ಹುಡುಗಿ ಎಸೆದಳು. 180ರಲ್ಲಿ ಜೋಡಿ ಬಿದ್ದದ್ದು 33. ಸರಿಯಾಗಿ 30 ಬರಲಿಲ್ಲ ಅಂತ ಅವಳಿಗೆ ಬೇಜಾರು. 180 ಎಸೆತಕ್ಕೆ ಐದಾರು ಆಚೀಚೆ ಆಗೋದು ಮಾಮೂಲು. 20ರ ಕೆಳಗೆ ಅಥವಾ 40ರ ಮೇಲೆ ಹೋದರೆ ಮಾತ್ರ ಹುಬ್ಬೇರಿಸಬೇಕು. 33 ಅನ್ನೋದು 30ರ ಮನೆಯಲ್ಲಿದೆ, 51ರಿಂದ ಬಹಳ ದೂರ.

ಇದೇ ತೊಡಕು ನಾನೂರು ವರ್ಷದ ಹಿಂದೆ ಇಟಲಿಯ ಜೂಜುಗಾರರಿಗೂ ಇತ್ತು. ಅವರದ್ದು ಮೂರು ದಾಳದ ಆಟ. ಮೊತ್ತ 9 ಬರೋಕೆ ಆರು ಬಗೆ, 10 ಬರೋಕೂ ಆರೇ ಬಗೆ, ಆದರೂ 10 ತುಸು ಹೆಚ್ಚು ಬೀಳುತ್ತೆ ಅಂತ ಆಡಿ ಆಡಿ ಅನುಭವವಿದ್ದವರು ಕಂಡುಕೊಂಡಿದ್ದರು. ಇದಕ್ಕೆ ವಿವರಣೆ ಬರೆದದ್ದು ಗೆಲಿಲಿಯೊ. ಅವನೂ ದಾಳಗಳನ್ನು ಬೇರೆ ಬೇರೆ ಅಂತಲೇ ಎಣಿಸಿದ. ಒಟ್ಟು 216 ಫಲಿತಗಳಲ್ಲಿ 9ಕ್ಕೆ 25, 10ಕ್ಕೆ 27. 9ರ ಆರು ಬಗೆಗಳಲ್ಲಿ 3-3-3 ಒಂದಿದೆ, ಅದಕ್ಕೆ ಒಂದೇ ದಾರಿ. 10ರಲ್ಲಿ ಅಂಥ ಒಂಟಿ ಬಗೆ ಇಲ್ಲ.

ಎಲ್ಲಾ ಕೇಳಿಸಿಕೊಂಡ ಅಮ್ಮ ಇನ್ನೊಂದು ತೆಗೆದರು. "ಚೌಕಾಬಾರದ ಕವಡೆಗೂ ಹೀಗೇ ಲೆಕ್ಕ ಇದ್ಯಾ?" ನಾಲ್ಕು ಕವಡೆ. ಎಷ್ಟು ಬಾಯಿ ಮೇಲಾಗಿ ಬಿತ್ತೋ ಅಷ್ಟು ಮನೆ, ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕವುಚಿದರೆ ಎಂಟು. ಕಣ್ಣಿಗೆ ಕಾಣೋದು 1, 2, 3, 4, 8 ಅಂತ ಐದೇ ಫಲಿತ. ಕವಡೆಗಳನ್ನು ಒಂದೊಂದಾಗಿ ಗುರುತಿಸಿದರೆ 2×2×2×2, ಅಂದರೆ 16. ಅದರಲ್ಲಿ 1ಕ್ಕೆ ನಾಲ್ಕು ದಾರಿ, 2ಕ್ಕೆ ಆರು, 3ಕ್ಕೆ ನಾಲ್ಕು, ಚೌಕಕ್ಕೆ ಒಂದು, ಎಂಟಕ್ಕೆ ಒಂದು.

ಆದರೆ ಇಲ್ಲಿ 16ರಿಂದ ಭಾಗಿಸುವ ಹಾಗಿಲ್ಲ. ದಾಳದ ಆರು ಮುಖ ಒಂದೇ ಥರ, ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಎರಡು ಕಡೆಗೂ ಸಮವಾಗಿ ಬೀಳುತ್ತೆ ಅನ್ನೋಕೆ ಯಾವ ಆಧಾರವೂ ಇಲ್ಲ. ಒಂದು ಕವಡೆ ನೂರಕ್ಕೆ 60 ಸಲ ಬಾಯಿ ಮೇಲಾಗಿ ಬೀಳುತ್ತೆ ಅಂತಿಟ್ಟುಕೊಳ್ಳಿ. ಚೌಕ ಬೀಳೋದು 0.6ನ್ನು ನಾಲ್ಕು ಸಲ ಗುಣಿಸಿದಷ್ಟು, ನೂರಕ್ಕೆ ಸುಮಾರು 13. ಎಂಟು ಬೀಳೋದು 0.4ನ್ನು ನಾಲ್ಕು ಸಲ ಗುಣಿಸಿದಷ್ಟು, ನೂರಕ್ಕೆ ಎರಡೂವರೆ. 16ರಿಂದ ಭಾಗಿಸಿದ್ದರೆ ಎರಡಕ್ಕೂ ನೂರಕ್ಕೆ ಆರು ಚಿಲ್ಲರೆ ಅಂತ ಬರುತ್ತಿತ್ತು.

ದಾರಿಗಳನ್ನು ಎಣಿಸಿದ್ದು ಸರಿಯಿದ್ದರೂ ತೂಕ ಗೊತ್ತಿಲ್ಲದೆ ಕವಡೆಯ ಲೆಕ್ಕ ಮುಂದೆ ಹೋಗೋದಿಲ್ಲ. ನಿಮ್ಮ ಮನೆಯಲ್ಲಿ ಕವಡೆ ಇದ್ದರೆ ಒಂದೇ ಒಂದನ್ನು ತೆಗೆದುಕೊಂಡು ಇನ್ನೂರು ಸಲ ಎಸೆದು ಬರೆದಿಡಿ. ಒಂದು ಬದಿ ಉಜ್ಜಿದ ಹುಣಸೆ ಬೀಜ ಆದರೂ ಆದೀತು, ಅದರ ಸಂಖ್ಯೆ ಖಂಡಿತ ಬೇರೆ ಬರುತ್ತೆ. ಎಷ್ಟು ಬಂತು ಅಂತ ಕೆಳಗೆ ಬರೆಯಿರಿ, ಅದರಿಂದ ಚೌಕ ಎಷ್ಟಕ್ಕೆ ಒಂದು ಸಲ ಬೀಳುತ್ತೆ ಅನ್ನೋ ಲೆಕ್ಕ ನಾನು ಹಾಕಿ ಕೊಡ್ತೀನಿ.